ಎಲೆಯ ಮೇಲಿನ ಕಜ್ಜಾಯ

ಹತ್ತೊಂಬತ್ತುನೂರ ಮೂವತ್ತೆಂಟರಲ್ಲಿ ಕೋಲಾರದ ಪ್ರೆಸ್ಸಿನ ಕೋದಂಡರಾಮಪ್ಪನವರು ನನ್ನ ಕಾದಂಬರಿಯ ಕಟ್ಟನ್ನು ಮೇಜಿನ ಮೇಲಿಟ್ಟು, ಏಳನೆಯ ಅಧ್ಯಾಯದ ಉದ್ದಕ್ಕೂ ಕೆಂಪು ಗೀಟು ಎಳೆದರು.

"ಸಾವಿನ ಮನೇಲಿ ನಗೋದೇನಮ್ಮಾ? ಇದನ್ನ ಕಿತ್ತರೆ ಅಚ್ಚು ಹಾಕ್ತೀನಿ, ಇಲ್ಲಾಂದ್ರೆ ಇಲ್ಲ. ಸತ್ತವನ ತಾಯಿ ಕೇಳಿದ್ರೆ ಎದೆ ಒಡ್ಕೋತಾರೆ. ಅವನು ಸಾಯೋ ಪುಟದಲ್ಲಿನ ಗಡಿಯಾರದ ಮಾತು ಮಾತ್ರ ಸೊಗಸಾಗಿದೆ."

ನನಗೆ ಮೈ ಉರಿಯಿತು. ಸತ್ತವನು ನನ್ನ ಗಂಡ ಎಲ್ಲಪ್ಪ, ಕಾದಂಬರಿಯಲ್ಲಿ ಹೆಸರು ಬೇರೆ, ಅಷ್ಟೇ. ಓದುವವರನ್ನು ಸುಮ್ಮನೆ ಅಳಿಸುವ ಪುಸ್ತಕ ಬರೆಯಲು ನಾನು ಎರಡು ವರ್ಷ ಕೂತಿರಲಿಲ್ಲ. ಆದರೂ ತಾಯಿಯ ಮಾತು ಮುಳ್ಳಿನಂತೆ ಚುಚ್ಚಿತು. ನಮ್ಮೂರು ಬೈರಕೂರಿಗೆ ಬಂದವಳೇ ಅತ್ತೆ ಆವಲಮ್ಮನ ಮುಂದೆ ಕೂತು ಆ ಅಧ್ಯಾಯ ಓದತೊಡಗಿದೆ. ಅವರು ಬೇಡವೆಂದರೆ ಅಧ್ಯಾಯ ಒಲೆಗೆ ಎಂದುಕೊಂಡೆ.

ಅದು ಸತ್ತ ಮೂರನೆಯ ದಿನ ಮಾಡುವ ಹಾಲು-ತುಪ್ಪದ ಶಾಸ್ತ್ರದ ಅಧ್ಯಾಯ. ಸತ್ತವನಿಗೆ ಇಷ್ಟವಾದದ್ದನ್ನು ಸಮಾಧಿಯ ಮೇಲೆ ಎಡೆ ಇಡಬೇಕು. ದೊಡ್ಡಪ್ಪ ಕೋಳಿಸಾರು ಎನ್ನುತ್ತಾನೆ, ತಂಗಿ ಹಲಸಿನಹಣ್ಣು ಎನ್ನುತ್ತಾಳೆ, ತಾಯಿ ಕಜ್ಜಾಯ ಎನ್ನುತ್ತಾಳೆ. ಜಗಳ ಸಮಾಧಿಯ ಸುತ್ತ ಓಡಾಡುತ್ತದೆ. ಅವನಿಗೆ ಕಜ್ಜಾಯ ಸೇರುತ್ತಿರಲಿಲ್ಲ, ಕದ್ದು ನಾಯಿಗೆ ಹಾಕುತ್ತಿದ್ದ ಎಂಬುದು ಹೆಂಡತಿಗೆ ಮಾತ್ರ ಗೊತ್ತು. ಅವಳು ಮಾತಾಡದೆ ಆ ಕಜ್ಜಾಯವನ್ನೇ ಎಲೆಯ ನಡುವೆ ಇಡುತ್ತಾಳೆ. ನಗು ಅಲ್ಲಿಗೆ ನಿಲ್ಲುತ್ತದೆ. ತಾವು ತಾವು ಕಂಡ ಅವನನ್ನು ಬಿಟ್ಟುಕೊಡಲಾರದೆ ಅವರೆಲ್ಲ ಜಗಳವಾಡುತ್ತಿದ್ದರೆಂದು ಆಗ ತಿಳಿಯುತ್ತದೆ.

ಅತ್ತೆ ಬಾಯಿಗೆ ಸೆರಗು ಒತ್ತಿಕೊಂಡಿದ್ದರು. ಅಳುತ್ತಿದ್ದಾರೆಂದು ಹೆದರಿ ನೋಡಿದರೆ, ನಗುತ್ತಿದ್ದರು.

"ನಂಗೊತ್ತಿತ್ತು ಕಣೇ. ಆ ನಾಯಿ ಅಷ್ಟು ದಪ್ಪ ಹೆಂಗಾಯ್ತು ಅನ್ಕೊಂಡಿದ್ದೀಯ?" ಸೆರಗಿನಿಂದ ಕಣ್ಣೊರೆಸಿಕೊಂಡರು. "ಕಜ್ಜಾಯ ಕೊಟ್ರೆ ತಿಂದಂಗೆ ಮಾಡ್ಕೊಂಡು ನನ್ನ ಪಕ್ಕದಲ್ಲಿ ಕೂತಿರ್ತಿದ್ದ. ಅಷ್ಟು ಹೊತ್ತಾದ್ರೂ ಇರ್ಲಿ ಅಂತ ಮಾಡ್ತಿದ್ದೆ."

ಆಮೇಲೆ ಇಬ್ಬರೂ ಅತ್ತೆವು. ಅವನು ಹೋದ ಮೇಲಿನ ಮೂರು ವರ್ಷದಲ್ಲಿ ನಾವು ಒಟ್ಟಿಗೆ ಅತ್ತದ್ದು ಅದೇ ಮೊದಲು.

ಅವರು ಕೇಳಿದರೆಂದು ಅವನು ಪ್ರಾಣ ಬಿಡುವ ಪುಟವನ್ನೂ ಓದಿದೆ. "ಅವನ ಉಸಿರಿನೊಂದಿಗೆ ವೈದ್ಯರ ಗಡಿಯಾರವೂ ನಿಂತಿತು, ಪಾಪ, ಇಬ್ಬರಿಗೂ ಕೀಲಿ ಕೊಡುವವರಿರಲಿಲ್ಲ" ಎಂಬ ಸಾಲಿಗೆ ಅತ್ತೆಯ ಮುಖ ಬಿಗಿಯಿತು.

"ಇಲ್ಲಿ ಯಾರು ನಗ್ತಿರೋದು? ನಾವ್ಯಾರೂ ಅಲ್ಲಿ ಗಡಿಯಾರ ನೋಡ್ಲಿಲ್ಲ. ಹೆದರ್ಕೊಂಡು ಆಚೆ ಓಡಿಹೋಗಿದ್ದೀಯ ನೀನು."

ನಿಜ. ಆ ನಗು ಮನೆಯವರದಲ್ಲ, ಜಾಣತನ ತೋರಿಸಿ ಅವನ ಮುಖ ನೋಡುವುದನ್ನು ತಪ್ಪಿಸಿಕೊಂಡ ನನ್ನದು. ಅದನ್ನು ನಾನೇ ಹೊಡೆದುಹಾಕಿದೆ. ನಾಯಿ, ಕಜ್ಜಾಯದ ಬಗ್ಗೆ ಅತ್ತೆ ಆಡಿದ ಮಾತನ್ನು ಏಳನೆಯ ಅಧ್ಯಾಯಕ್ಕೆ ಸೇರಿಸಿದೆ.

ಮರುವಾರ ಕಟ್ಟನ್ನು ಕೋದಂಡರಾಮಪ್ಪನವರ ಮುಂದಿಟ್ಟೆ.

"ನೀವು ಹೊಗಳಿದ್ದನ್ನ ತೆಗೆದಿದ್ದೀನಿ, ನೀವು ಗೀಟೆಳೆದಿದ್ದನ್ನ ಬೆಳೆಸಿದ್ದೀನಿ. ಒಂದಕ್ಷರ ಮುಟ್ಟೋದಾದ್ರೆ ವಾಪಸ್ ಕೊಡಿ, ಹೋಗ್ತೀನಿ."

ಅವರು ಮುಖ ಗಂಟಿಕ್ಕಿಕೊಂಡೇ ಓದಿದರು. ನಾಯಿ ದಪ್ಪವಾದ ಸಾಲಿಗೆ ತಡೆಯಲಾರದೆ ನಕ್ಕರು. ಅದರ ಮುಂದಿನ ಸಾಲಿಗೆ ಬಂದು ನಿಂತರು, ಬಹಳ ಹೊತ್ತು ಪುಟ ತಿರುವಲಿಲ್ಲ.

"ಆಗ್ಲಮ್ಮಾ, ಇದೂ ಇರ್ಲಿ," ಎಂದರು.

"ಇದೂ ಅಲ್ಲ ಸ್ವಾಮಿ. ಇದೇ ಪುಸ್ತಕ," ಎಂದೆ.