ಅಪ್ಪನ ಮೂರು ವರ್ಷದ ರಿಟರ್ನ್

ಸಿಟ್ಟು ಬಂದರೆ ಎದುರಿಗಿರುವವರು ಯಾರೆಂದು ನೋಡುವವಳಲ್ಲ ನಾನು. ಅವತ್ತು ಎದುರಿಗಿದ್ದವರು ಜಗಳೂರು ತಾಲ್ಲೂಕು ಕಚೇರಿಯ ಕೇಸ್ ವರ್ಕರ್ ಮಹಾಂತೇಶ್.

"ನಿಮಗೆ ನಾನ್ ಕ್ರೀಮಿಲೇಯರ್ ಸರ್ಟಿಫಿಕೇಟ್ ಬರಲ್ಲಮ್ಮ. ಆದಾಯ ಎಂಟು ಲಕ್ಷ ದಾಟೈತೆ," ಅಂದರು.

ಶುಕ್ರವಾರ ನನ್ನ ಬ್ಯಾಂಕ್ ಇಂಟರ್‌ವ್ಯೂ. ಒಬಿಸಿ ಕಟಾಫ್ ದಾಟಿದ್ದೆ. ಜನರಲ್‌ಗೆ ಮೂರು ಅಂಕ ಕಡಿಮೆ. ಆ ಒಂದು ಹಾಳೆ ಇಲ್ಲದಿದ್ದರೆ ಎರಡು ವರ್ಷ ಓದಿದ್ದೆಲ್ಲ ನೀರುಪಾಲು.

"ಏನ್ರೀ ಲೆಕ್ಕ ಹಾಕಿದ್ದೀರಾ? ರೇಷನ್ ಕಾರ್ಡಲ್ಲಿ ಇರೋರದ್ದೆಲ್ಲ ಕೂಡಿಸಿದ್ರಾ?" ರೇಗಿದೆ. "ಕೇಂದ್ರದ ಒಬಿಸಿಗೆ ಅಪ್ಪ ಅಮ್ಮಂದು ಮಾತ್ರ ನೋಡ್ಬೇಕು. ಅಣ್ಣಂದು ಬರಲ್ಲ, ನಂದೂ ಬರಲ್ಲ. ಹೊಲದ ಆದಾಯನೂ ಸೇರ್ಸಂಗಿಲ್ಲ. ಬಿಳಿಚೋಡಲ್ಲಿ ನಾಲ್ಕು ಎಕರೆ ಮೆಕ್ಕೆಜೋಳ ಬಿಟ್ರೆ ನಮ್ಮಪ್ಪನತ್ರ ಇನ್ನೇನೈತ್ರೀ?"

ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ನೋಡಲಿ ಬಿಡಿ ಅಂದುಕೊಂಡೆ.

"ರೂಲ್ಸು ಕರೆಕ್ಟಾಗೇ ಹೇಳ್ತಿದ್ದೀರಿ," ಅಂದ ಮಹಾಂತೇಶ್ ಫೈಲ್ ನನ್ನ ಕಡೆ ತಿರುಗಿಸಿದರು. "ನಿಮ್ಮಣ್ಣಂದು ನಾನು ಮುಟ್ಟೇ ಇಲ್ಲ. ಆಡಿಟರ್ ಹತ್ರ ಇಸ್ಕೊಂಡು ನಿಮ್ಮಪ್ಪನೇ ನಿನ್ನೆ ಕೊಟ್ಟು ಹೋದ ಇನ್‌ಕಮ್ ಟ್ಯಾಕ್ಸ್ ರಿಟರ್ನ್ ಇವು. ಸತತ ಮೂರು ವರ್ಷ. ಓದ್ರಿ."

ಓಬಣ್ಣ, ಅಪ್ಪನದೇ ಹೆಸರು. ಜೆಸಿಬಿ ಬಾಡಿಗೆ ವ್ಯವಹಾರ. ಒಂಬತ್ತು ಲಕ್ಷ, ಹತ್ತು, ಹತ್ತೂವರೆ.

ಆ ಜೆಸಿಬಿ ನನ್ನ ಅಣ್ಣ ಕೆಂಚೇಶನದು. ಓಡಿಸುವವನೂ ಅವನೇ, ಬಾಡಿಗೆ ಎಣಿಸಿ ಜೇಬಿಗಿಳಿಸುವವನೂ ಅವನೇ.

ಮನೆಗೆ ಬಂದವಳೇ ಉಣ್ಣುತ್ತಿದ್ದ ಅವನ ಮುಂದೆ ರಿಟರ್ನ್‌ಗಳ ಜೆರಾಕ್ಸ್ ಬಿಸಾಕಿದೆ. "ಹತ್ತೂವರೆ ಲಕ್ಷ ಆದಾಯ! ಗಾಡಿನ ಅಪ್ಪನ ಹೆಸರಲ್ಲಿ ಯಾಕೋ ಮಾಡ್ಸಿದೆ?"

"ನನ್ನ ಹೆಸರಿಗೆ ಲೋನ್ ಆಗ್ಲಿಲ್ಲ. ಹೊಲ ಇದ್ದದ್ದು ಅಪ್ಪಂಗೆ." ತುತ್ತು ಬಿಡಲಿಲ್ಲ. "ಈ ಮನೆ ನಡೀತಿರೋದು ಅದೇ ಗಾಡಿಯಿಂದ. ನೀನು ಓದಿದ್ದೂ."

"ನನ್ನ ಅನ್ನಕ್ಕೆ ಮಣ್ಣು ಹಾಕಿದ್ದೂ ಅದೇ!"

"ನಾಳೆನೇ ನನ್ನ ಹೆಸರಿಗೆ ಮಾಡಿಸ್ಕೊಂಡ್ರಾಯ್ತು, ಬಿಡು."

"ನಾಳೆ ಮಾಡಿಸ್ತೀಯಪ್ಪಾ. ಹೋದ ಮೂರು ವರ್ಷನ ಯಾರ ಹೆಸರಿಗೆ ಮಾಡಿಸ್ತೀಯಾ?"

ಅವನು ತಟ್ಟೆ ನೂಕಿ ಎದ್ದುಹೋದ. ಕೈ ತೊಳೆಯುವ ಸದ್ದು ಕೇಳಿಸಿತು, ಆಮೇಲೆ ಬೈಕಿನದು. ನನಗೆ ಅವನ ಮುಖ ಮತ್ತೆ ನೋಡಬಾರದು ಅನಿಸಿತು.

ಕಟ್ಟೆಯ ಮೇಲೆ ಕೂತಿದ್ದ ಅಪ್ಪ ಒಳಗೆ ಬಂದು ಹಾಳೆ ಎತ್ತಿಕೊಂಡ. ಓದಲು ಬಾರದಿದ್ದರೂ ಅವನ ಸಹಿ ಅವನಿಗೆ ಗುರುತು ಸಿಗುತ್ತಿತ್ತು.

"ಹತ್ತೂವರೆ ಲಕ್ಷ ನಂದಾ, ಗಂಗೋತ್ರಿ?"

"ಹೌದಪ್ಪಾ. ನೀನು ಸಾಹುಕಾರ," ಅಂದೆ. ಚುಚ್ಚಬೇಕೆಂದೇ ಅಂದೆ.

ಅಪ್ಪ ಹಾಳೆಯನ್ನು ಮಡಚಿ ಜೇಬಿಗಿಟ್ಟುಕೊಂಡ. ಸಂಕೋಚದಿಂದ ಕೇಳಿದ.

"ಹಂಗಾದ್ರೆ ನಿನ್ನ ಇಂಟರ್‌ವ್ಯೂಗೆ ಬಸ್ ಚಾರ್ಜ್ ಕೊಡಾಕೆ ನಾನು ನಿಮ್ಮಣ್ಣನತ್ರ ಯಾಕೆ ಕೇಳ್ದೆ?"