ಇಪ್ಪತ್ತೊಂದರ ಬದಲು ಇಪ್ಪತ್ತೆಂಟು

ಶನಿವಾರ ಬೆಳಿಗ್ಗೆ ಆರೂವರೆಗೆ ನಾನು ಕೆಳಗಡೆ ಕೈಪಂಪಿನಲ್ಲಿ ಮೂರನೇ ಕೊಡ ತುಂಬಿಸುತ್ತಿದ್ದೆ. ಆ ವರ್ಷ ವೆಸ್ಟ್ ಮಾಂಬಲಂನಲ್ಲಿ ನಲ್ಲಿಯಲ್ಲಿ ನೀರು ಬರುವುದೇ ನಿಂತುಹೋಗಿತ್ತು. ಲಾರಿ ಬಂದ ದಿನ ಲಾರಿ, ಇಲ್ಲದ ದಿನ ಈ ಪಂಪು. ಅರ್ಧ ಕೊಡ ತುಂಬಿತ್ತು, ಅಷ್ಟರಲ್ಲಿ ಮಗಳು ಪಾವನಾ ಮೆಟ್ಟಿಲಿಳಿದು ಓಡಿಬಂದಳು. ಕೈಯಲ್ಲಿ ಆಫೀಸಿನವರು ಕೊಟ್ಟ ಮೊಬೈಲು, ಅದು ಹೊಡೆದುಕೊಳ್ಳುತ್ತಲೇ ಇತ್ತು.

"ಹೋಟೆಲ್ ಮಾಮಾ," ಎಂದು ನನ್ನ ಕೈಗೆ ಕೊಟ್ಟು ಅಲ್ಲಿಯೇ ನಿಂತಳು.

ಭೋಜರಾಜರು ಖುಷಿಯಲ್ಲಿದ್ದರು. ವಡಪಳನಿಯಲ್ಲಿ ಅವರ ಹೊಸ ಹೋಟೆಲಿನ ಅಡುಗೆಮನೆ ನಮ್ಮ ಕಂಪನಿಯದೇ ಕೆಲಸ. ಸ್ಟೀಲಿನ ಮೇಜುಗಳು, ತೊಟ್ಟಿಗಳು, ದೋಸೆ ಒಲೆಯ ಚೌಕಟ್ಟು, ಇಡ್ಲಿ ಬಾಯ್ಲರಿನ ಸ್ಟ್ಯಾಂಡು, ಹೊಗೆ ಎಳೆಯುವ ದೊಡ್ಡ ಹುಡ್ಡು, ಎಲ್ಲವನ್ನೂ ಮಾಡಿ ಜೋಡಿಸಿ ಕೊಡಬೇಕು. ಅದರ ಹೊಣೆ ನನ್ನ ಮೇಲಿತ್ತು. ಆಗಸ್ಟ್ ಇಪ್ಪತ್ತೊಂದಕ್ಕೆ ಆರಂಭ. ಆಹ್ವಾನ ಪತ್ರಿಕೆಯ ಪ್ರೂಫು ಬಂದಿದೆ, ಹನ್ನೊಂದು ಗಂಟೆಗೆ ಪ್ರೆಸ್ಸಿನವನು ಬಂದು ತೆಗೆದುಕೊಂಡು ಹೋಗುತ್ತಾನೆ, ಎಂಟುನೂರು ಕಾರ್ಡು, ನೀವು ಒಂದು ಸಲ ಹೂಂ ಅಂದರೆ ಸಾಕು ಎಂದರು.

ಹೂಂ ಅನ್ನಲು ನನ್ನಿಂದಾಗಲಿಲ್ಲ. ನಾನು ಬರುವವರೆಗೆ ಕಾರ್ಡು ಕೊಡಬೇಡಿ, ಹತ್ತು ಗಂಟೆಗೆ ನಾನೇ ಬರುತ್ತೇನೆ ಎಂದೆ. "ಆಯ್ತು, ಬನ್ನಿ" ಎಂದು ಅವರು ಫೋನು ಇಟ್ಟರು.

ನನ್ನ ಹಿಂದೆ ಕಾದಿದ್ದ ಹೆಂಗಸು ಕೊಡ ಸರಿಸಿದಳು. ಅರ್ಧ ಕೊಡವನ್ನೇ ಹೊತ್ತುಕೊಂಡು ಮೇಲೆ ಬಂದೆ.

ತಪ್ಪು ನನ್ನದು. ಅದನ್ನು ಹೇಳಲು ನನಗೆ ಕಷ್ಟವಿರಲಿಲ್ಲ. ಕೆಲಸದ ವೇಳಾಪಟ್ಟಿ ಬರೆದವಳು ನಾನು. ನಮ್ಮ ಮನೆಯ ಗೋಡೆಯ ಮೇಲಿರುವುದು ಮೈಸೂರಿನಿಂದ ಅಮ್ಮ ಕಳಿಸಿದ ಕ್ಯಾಲೆಂಡರು. ಅದರಲ್ಲಿ ಆಷಾಢ ಜುಲೈ ಇಪ್ಪತ್ತೊಂಬತ್ತಕ್ಕೆ ಮುಗಿದಿತ್ತು. ಮೂವತ್ತರಿಂದ ಶ್ರಾವಣ, ಇನ್ನೇನೂ ಅಡ್ಡಿಯಿಲ್ಲ ಎಂದು ಅವತ್ತಿನಿಂದಲೇ ವೆಲ್ಡಿಂಗ್ ಎಂದು ಬರೆದೆ. ಚೆನ್ನೈಗೆ ಬಂದು ಏಳು ವರ್ಷವಾದರೂ ಇಲ್ಲಿಯವರ ಆಷಾಢವಾದ ಆಡಿ ತಿಂಗಳು ಆಗಸ್ಟ್ ಹದಿನೇಳರವರೆಗೆ ಇರುತ್ತದೆ ಎಂಬುದು ಪಟ್ಟಿ ಬರೆಯುವಾಗ ತಲೆಗೆ ಬರಲಿಲ್ಲ. ಅಂಬತ್ತೂರಿನಲ್ಲಿ ನಮಗೆ ಸ್ಟೀಲು ಬೆಸೆದುಕೊಡುವ ಏಳುಮಲೈ ಪಟ್ಟಿಯನ್ನು ನೋಡಿ ಸಹಿ ಹಾಕಿದ್ದರು. ಎಲ್ಲರಿಗೂ ಗೊತ್ತಿರುವುದನ್ನು ಬಾಯಿಬಿಟ್ಟು ಹೇಳಬೇಕೆಂದು ಅವರಿಗೆ ಅನ್ನಿಸಿರಲಿಕ್ಕಿಲ್ಲ.

ಅವರ ನಾಲ್ಕು ಜನ ವೆಲ್ಡರುಗಳೂ ವಿಳುಪ್ಪುರದ ಹತ್ತಿರದ ಒಂದೇ ಊರಿನವರು. ಆಡಿಯಲ್ಲಿ ಊರಮ್ಮನ ಹಬ್ಬ. ಕೈಗೆ ಅರಿಸಿನದ ದಾರ ಕಟ್ಟಿಸಿಕೊಂಡ ಮೇಲೆ ಹಬ್ಬ ಮುಗಿಯುವತನಕ ಊರಿನ ಗಡಿ ದಾಟುವ ಹಾಗಿಲ್ಲ. ಏಳುಮಲೈ ಇದನ್ನು ನನಗೆ ಹೇಳಿದ್ದು ಹಿಂದಿನ ಭಾನುವಾರ, ಫೋನಿನಲ್ಲಿ. ದಾರ ಕಟ್ಟಿ ಆಯಿತು, ಹದಿನೇಳರ ತನಕ ಯಾರೂ ಬರುವುದಿಲ್ಲ, ದುಡ್ಡು ಜಾಸ್ತಿ ಕೊಟ್ಟರೂ ಬರುವುದಿಲ್ಲ ಎಂದರು. ಫೋನು ಇಟ್ಟು ಹತ್ತು ನಿಮಿಷವಾಗಿರಲಿಲ್ಲ, ಭೋಜರಾಜರ ಫೋನು ಬಂತು. ಕೆಲಸ ಹೇಗಿದೆ ಎಂದು ಕೇಳಿದರು.

"ನಡೀತಾ ಇದೆ ಸಾರ್," ಎಂದೆ.

ಪಾವನಾ ನನ್ನ ಪಕ್ಕದಲ್ಲೇ ಕೂತು ಬಣ್ಣ ಹಚ್ಚುತ್ತಿದ್ದಳು. ಎರಡು ಫೋನಿನ ಮಾತೂ ಕೇಳಿಸಿಕೊಂಡಿದ್ದಳು. ತಲೆಯೆತ್ತಿ ನನ್ನನ್ನು ನೋಡಿದಳು, ಮತ್ತೆ ಬಗ್ಗಿ ಹಚ್ಚತೊಡಗಿದಳು.

ಸೋಮವಾರ ನಮ್ಮ ಕಂಪನಿಯ ಮಾಲೀಕರಾದ ಕೃಷ್ಣಮೂರ್ತಿಯವರಿಗೆ ಹೇಳಿದೆ. ನೋಡೋಣ, ಸುಮ್ಮನಿರು ಎಂದರು. ಬೇರೆ ವೆಲ್ಡರು ಸಿಕ್ಕ ಮೇಲೆ, ಪರಿಹಾರ ಕೈಯಲ್ಲಿಟ್ಟುಕೊಂಡು ಹೇಳಿದರಾಯಿತು ಎಂದು ನಾನೂ ನನಗೆ ಸಮಾಧಾನ ಹೇಳಿಕೊಂಡೆ. ಸ್ಟೀಲು ಬೆಸೆಯುವವರು ಬೀದಿಯಲ್ಲಿ ಸಿಗುವುದಿಲ್ಲ. ಕಬ್ಬಿಣದ ಗೇಟು ಬೆಸೆಯುವವನು ಕೈಯಿಟ್ಟರೆ ತೆಳು ತಗಡು ಸುಟ್ಟು ಸೊಟ್ಟಗಾಗುತ್ತದೆ. ಗುರುವಾರ ಮೇಲಿನ ಮನೆಯ ಲೀಲಮ್ಮನವರು ತಮ್ಮ ಭಾವ ಗುಂಡಣ್ಣನವರ ಹೆಸರು ಹೇಳಿದರು. ಪೆರಂಬೂರಿನ ರೈಲು ಬೋಗಿ ಕಾರ್ಖಾನೆಯಲ್ಲಿ ಮೂವತ್ತು ವರ್ಷ ವೆಲ್ಡಿಂಗ್ ಮಾಡಿ ನಿವೃತ್ತರಾದವರು. ಶುಕ್ರವಾರ ಅವರನ್ನು ಅಂಬತ್ತೂರಿಗೆ ಕರೆದುಕೊಂಡು ಹೋದೆ. ಒಂದು ತುಂಡು ಬೆಸೆದು ತೋರಿಸಿದರು, ಏಳುಮಲೈ ಬೆರಳಾಡಿಸಿ ನೋಡಿ ತಲೆದೂಗಿದರು. ಇಬ್ಬರು ಗೆಳೆಯರನ್ನೂ ಕರೆತರುತ್ತೇನೆ, ಆದರೆ ದಿನಕ್ಕೆ ಐದು ಗಂಟೆಗಿಂತ ಹೆಚ್ಚು ನಮ್ಮ ಕಣ್ಣು ತಡೆಯುವುದಿಲ್ಲ ಎಂದು ಗುಂಡಣ್ಣನವರು ಮೊದಲೇ ಹೇಳಿಬಿಟ್ಟರು. ಅವತ್ತು ಸಂಜೆ ಕೂತು ಹೊಸ ಪಟ್ಟಿ ಬರೆದೆ. ಎಷ್ಟು ಎಳೆದಾಡಿದರೂ ಕೆಲಸ ಮುಗಿಯುವ ದಿನ ಇಪ್ಪತ್ತೆಂಟಕ್ಕಿಂತ ಮುಂಚೆ ಬರಲಿಲ್ಲ.

ಈಗ ಶನಿವಾರ ಬೆಳಿಗ್ಗೆ ಎಂಟು ಗಂಟೆಗೆ ಸಾರಿಗೆ ಒಗ್ಗರಣೆ ಹಾಕುತ್ತಾ ಕೃಷ್ಣಮೂರ್ತಿಯವರಿಗೆ ಫೋನು ಮಾಡಿದೆ. ಅವರು ಎರಡು ತಲೆಮಾರಿನಿಂದ ಚೆನ್ನೈಯವರು, ಕನ್ನಡಕ್ಕೆ ತಮಿಳು ಬೆರೆಸಿ ಮಾತಾಡುತ್ತಾರೆ. ಸಿಟ್ಟು ಬಂದರೆ ದನಿ ಇನ್ನೂ ಮೆತ್ತಗಾಗುತ್ತದೆ.

"ಸ್ಟೀಲ್ ಬರ್ಲಿಲ್ಲ ಅಂತ ಸೊಲ್ಲಿಬಿಡಮ್ಮ. ಮುಗೀತು."

ಭೋಜರಾಜರ ಕಣ್ಣೆದುರೇ ತಗಡು ಇಳಿಸಿದ್ದೇವೆ ಸಾರ್, ಅಳತೆಗೆ ಕತ್ತರಿಸಿದ್ದನ್ನೂ ನೋಡಿ ಹೋಗಿದ್ದಾರೆ ಎಂದೆ.

"ಸರಿ, ನಿಜಾನೇ ಹೇಳು. ಆದ್ರೆ ನೆನ್ನೆ ತಾನೆ ಗೊತ್ತಾಯ್ತು ಅಂತ ಹೇಳು. ಆರು ದಿನ ಮುಚ್ಚಿಟ್ವಿ ಅಂತ ತಿಳಿದ್ರೆ ಆರ್ಡರ್ ಹೋಯ್ತು. ಆರ್ಡರ್ ಹೋದ್ರೆ ಸೋಮವಾರ ನೀ ಬರೋದು ಬೇಡಮ್ಮ, ತಪ್ಪು ತಿಳ್ಕೋಬೇಡ."

ಒಗ್ಗರಣೆ ಸೀದಿತ್ತು. ಬೇರೆ ಹಾಕಲು ಹೊತ್ತಿರಲಿಲ್ಲ. ನನ್ನ ಗಂಡ ದಿನೇಶ್ ಕಂಪನಿ ಕೆಲಸದ ಮೇಲೆ ಕೊಯಮತ್ತೂರಿನಲ್ಲಿದ್ದರು, ಲೀಲಮ್ಮ ಮಗಳ ಮನೆಗೆ ಹೋಗಿದ್ದರು. ಪಾವನಾಳನ್ನು ಯಾರ ಹತ್ತಿರವೂ ಬಿಟ್ಟು ಹೋಗುವ ಹಾಗಿರಲಿಲ್ಲ. ತಲೆ ಬಾಚಿ, ಎರಡು ಜಡೆ ಹೆಣೆದು, ಕರೆದುಕೊಂಡು ಹೊರಟೆ.

ಬಸ್ಸಿನಲ್ಲಿ ಅವಳು ಕಿಟಕಿಯ ಕಡೆ ಕೂತಿದ್ದಳು. ಒಮ್ಮೆ "ಅಮ್ಮಾ" ಎಂದಳು. ಏನು ಪುಟ್ಟಿ ಎಂದೆ. ನನ್ನ ಮಡಿಲಿನಲ್ಲಿದ್ದ ಪಟ್ಟಿಯ ಹಾಳೆಯನ್ನು ನೋಡಿದಳು.

"ಒಣ್ಣುಮಿಲ್ಲೆ," ಎಂದಳು. ಏನೂ ಇಲ್ಲವಂತೆ. ಶಾಲೆ ಸೇರಿದಾಗಿನಿಂದ ಅವಳು ಕನ್ನಡದಲ್ಲಿ ಕೇಳಿದ್ದಕ್ಕೂ ತಮಿಳಿನಲ್ಲೇ ಉತ್ತರ ಕೊಡುತ್ತಾಳೆ. ಏನೋ ಇತ್ತು. ಸಾಮಾನ್ಯವಾಗಿ ನಾನು ಬಿಡುವವಳಲ್ಲ, ನಿಧಾನವಾಗಿ ಕೇಳಿ ಹೊರಗೆ ತೆಗೆಯುತ್ತೇನೆ. ಅವತ್ತು ಕೇಳಲಿಲ್ಲ.

ಹೋಟೆಲಿನಲ್ಲಿ ನೆಲಕ್ಕೆ ಹೊಸ ಕಲ್ಲು ಹಾಸಿ ಮುಗಿದಿತ್ತು. ಕುಂದಾಪುರದಿಂದ ಬಂದ ಎಂಟು ಜನ ಕೆಲಸದವರು ಅದನ್ನು ಒರೆಸುತ್ತಿದ್ದರು. ಇಡೀ ಜಾಗದಲ್ಲಿ ಅಡುಗೆಮನೆಯೊಂದೇ ಖಾಲಿ. ನಾಲ್ಕು ಗೋಡೆ, ಒಂದು ಕಿಟಕಿ. ಭೋಜರಾಜರು ನಮ್ಮನ್ನು ಅಲ್ಲಿಗೇ ಕರೆದುಕೊಂಡು ಹೋಗಿ ಎರಡು ಪ್ಲಾಸ್ಟಿಕ್ ಕುರ್ಚಿ ಹಾಕಿಸಿದರು. ಪಾವನಾ ನನ್ನ ಕುರ್ಚಿಗೆ ಒರಗಿ ನಿಂತಳು. ಅವರ ಕೈಯಲ್ಲಿ ಕಾರ್ಡಿನ ಪ್ರೂಫು ಇತ್ತು.

"ಎಂತ ಬೃಂದಮ್ಮ, ಹೂಂ ಅನ್ಲಿಕ್ಕೆ ಇಷ್ಟು ದೂರ ಬರ್ಬೇಕಾ?"

ಮೊದಲ ಮಾತಿನಲ್ಲೇ ಹೇಳಿದೆ. "ಇಪ್ಪತ್ತೊಂದಕ್ಕೆ ಆಗಲ್ಲ ಸಾರ್. ಏಳು ದಿನ ತಡ ಆಗುತ್ತೆ. ತಪ್ಪು ನನ್ನದು."

ಅವರು ಪ್ರೂಫನ್ನು ಮಡಿಚಿದರು. ನಾನು ನಿಲ್ಲಿಸದೆ ಹೇಳುತ್ತಾ ಹೋದೆ. ಪಂಚಾಂಗದ ವಿಷಯ, ವೆಲ್ಡರುಗಳ ವಿಷಯ, ಎಲ್ಲವನ್ನೂ. ಅವರ ಮುಖ ಮೆಲ್ಲಗೆ ಕೆಂಪಾಯಿತು.

"ಆಟಿ ತಿಂಗಳು ಮುಗೀದೆ ಓಪನಿಂಗ್ ಬೇಡ ಅಂತ ನಾನೇ ನಿಮ್ಗೆ ಹೇಳಿದ್ದಲ್ವಾ? ನಮ್ಮ ಕರಾವಳಿಯ ಆಟಿಯೂ ಇವರ ಆಡಿಯೂ ಒಂದೇ ಅಲ್ವಾ ಮಾರಾಯ್ರೆ? ನಿಮ್ಮ ಮೈಸೂರು ಪಂಚಾಂಗ ನೋಡಿ ನನ್ನ ಹೋಟೆಲು ಕಟ್ಟುದಾ?"

ಹೌದು ಸಾರ್, ಹೇಳಿದ್ದಿರಿ, ನಾನು ಅದನ್ನು ಆರಂಭದ ದಿನಕ್ಕೆ ಮಾತ್ರ ಲೆಕ್ಕ ಹಿಡಿದೆ ಎಂದೆ. ಹಳೆಯ ಹೋಟೆಲಿನ ಬಾಡಿಗೆ ಕರಾರು ತಿಂಗಳ ಕೊನೆಗೆ ಮುಗಿಯುತ್ತದೆ, ಈ ಎಂಟು ಜನರನ್ನು ಎಲ್ಲಿ ಕೂರಿಸಲಿ, ಇನ್ನೊಂದು ಸಲ ತಪ್ಪಿದರೆ ಬೀದಿಗೆ ಬರುವುದು ನಾನು ಎಂದು ಅವರು ತಗ್ಗಿದ ದನಿಯಲ್ಲಿ ಹೇಳಿದರು. ಬೈದಿದ್ದರೆ ಕೇಳಿಸಿಕೊಳ್ಳುವುದು ಸುಲಭವಿತ್ತು.

ಹಾಳೆಯನ್ನು ಅವರ ಮುಂದಿಟ್ಟೆ. ಸೋಮವಾರ ನಾಲ್ಕನೇ ತಾರೀಖಿನಿಂದ ಗುಂಡಣ್ಣನವರೂ ಅವರ ಗೆಳೆಯರೂ ಶುರು. ಮೊದಲು ಹುಡ್ಡು, ಎಲ್ಲಕ್ಕಿಂತ ಹೆಚ್ಚು ಬೆಸುಗೆ ಇರುವುದು ಅದರಲ್ಲೇ. ಗ್ಯಾಸಿನ ಪೈಪಿಗೂ ನೀರು ಹೋಗುವ ಚರಂಡಿಗೂ ವೆಲ್ಡರು ಕಾಯಬೇಕಾಗಿಲ್ಲ, ಅವು ಇಲ್ಲಿ ಅದೇ ಸೋಮವಾರ ಶುರು. ಹದಿನೆಂಟಕ್ಕೆ ಹಬ್ಬಕ್ಕೆ ಹೋದ ವೆಲ್ಡರು ಹುಡುಗರು ಬಂದರೆ ಪಾಲಿಶು ಅವರದು. ಹತ್ತೊಂಬತ್ತರಿಂದ ಇಪ್ಪತ್ನಾಲ್ಕರವರೆಗೆ ಜೋಡಣೆ. ಇಪ್ಪತ್ತೈದಕ್ಕೆ ಗ್ಯಾಸು ಸೋರುತ್ತದೆಯೇ ಎಂಬ ಪರೀಕ್ಷೆ, ಇಪ್ಪತ್ತಾರಕ್ಕೆ ಇಡ್ಲಿ ಬೇಯಿಸಿ ನೋಡುವುದು. ಇಪ್ಪತ್ತೇಳು ಕೈಯಲ್ಲಿ ಉಳಿಸಿಕೊಂಡ ದಿನ. ಇಪ್ಪತ್ತೆಂಟಕ್ಕೆ ನಿಮ್ಮ ಕೈಗೆ. ಮುಹೂರ್ತ ಆಮೇಲೆ ನಿಮ್ಮಿಷ್ಟ, ಮೂವತ್ತೊಂದು ಗಣೇಶನ ಹಬ್ಬ.

"ಈ ಮುದುಕರಿಗೆ ಹುಷಾರು ತಪ್ಪಿದ್ರೆ?"

ಹನ್ನೊಂದನೇ ತಾರೀಖಿಗೆ ಹುಡ್ಡು ಅರ್ಧವಾದರೂ ಆಗಿರಬೇಕು, ಆಗದಿದ್ದರೆ ಈ ಪಟ್ಟಿ ನಿಲ್ಲುವುದಿಲ್ಲ, ಅದನ್ನು ಅವತ್ತೇ ನಿಮಗೆ ಹೇಳುತ್ತೇನೆ ಎಂದೆ. ಆಗ ಸಿದ್ಧ ಹುಡ್ಡು ಕೊಂಡು ಹಾಕಬಹುದು, ಆದರೆ ಅದರ ಖರ್ಚಿಗೆ ಮಾಲೀಕರು ಇನ್ನೂ ಒಪ್ಪಿಲ್ಲ, ಹಾಗಾಗಿ ಅದನ್ನು ಮಾತು ಕೊಟ್ಟ ಹಾಗೆ ತಿಳಿಯಬೇಡಿ ಎಂದೂ ಹೇಳಿದೆ. ಪ್ರತಿದಿನ ಸಂಜೆ ಆರಕ್ಕೆ ನಾನೇ ಫೋನು ಮಾಡುತ್ತೇನೆ, ಒಳ್ಳೆಯ ಸುದ್ದಿ ಇಲ್ಲದ ದಿನವೂ.

ಅವರು ಹಾಳೆಯನ್ನು ಎರಡು ಸಲ ಓದಿದರು. ಖಾಲಿ ಗೋಡೆಯ ಮೇಲೆ ಹುಡ್ಡು ಬರಬೇಕಾದ ಜಾಗವನ್ನು ನೋಡಿದರು. ಹೊರಗೆ ಬಕೆಟ್ಟು ಎಳೆಯುವ ಸದ್ದು.

"ಒಂದು ಹೇಳಿ. ನಿಮ್ಗೆ ಇದು ಗೊತ್ತಾದ್ದು ಯಾವಾಗ?"

ಅಡುಗೆಮನೆಗೆ ಇದ್ದದ್ದು ಒಂದೇ ಬಾಗಿಲು, ಅದರ ಮುಂದೆ ಅವರು ಕೂತಿದ್ದರು. ಉಳಿದದ್ದೆಲ್ಲ ನಿಜ ಹೇಳಿದ್ದೇನಲ್ಲ ಎಂದುಕೊಂಡೆ. ಸೋಮವಾರ ಬರೋದು ಬೇಡ ಎಂದ ಮಾಲೀಕರ ಮಾತು ನೆನಪಾಯಿತು.

"ನೆನ್ನೆ," ಎಂದೆ.

ಅವರ ಭುಜ ಸಡಿಲವಾಯಿತು. "ಹಾಗಾದ್ರೆ ಆಯ್ತು. ಗೊತ್ತಾದ ಮರುದಿನವೇ ಎದುರು ಬಂದು ಕೂತ್ಕೊಂಡ್ರಲ್ಲ, ಅದು ದೊಡ್ಡದು. ತಡ ಎಲ್ಲರಿಗೂ ಆಗ್ತದೆ. ಮುಚ್ಚಿಡುವವರ ಹತ್ರ ಮಾತ್ರ ನನಗೆ ಕೆಲಸ ಮಾಡ್ಸಿ ಅಭ್ಯಾಸ ಇಲ್ಲ."

ಜೇಬಿನಿಂದ ಪೆನ್ನು ತೆಗೆದು, ಪ್ರೂಫನ್ನು ಮೊಣಕಾಲ ಮೇಲೆ ಬಿಡಿಸಿಟ್ಟು, ಇಪ್ಪತ್ತೊಂದು ಎಂದಿದ್ದುದರ ಮೇಲೆ ಗೆರೆ ಎಳೆದರು. ನನ್ನ ಕುರ್ಚಿಯ ಹಿಂದೆ ಪಾವನಾ ಅಲುಗಾಡಿದ್ದು ಗೊತ್ತಾಯಿತು. ಮುಂದೆ ಬಂದು ನನ್ನ ಮೊಣಕೈ ಹಿಡಿದುಕೊಂಡಳು. ಆಮೇಲೆ ಗಟ್ಟಿಯಾಗಿ, ಎಷ್ಟೋ ದಿನದ ಮೇಲೆ ಕನ್ನಡದಲ್ಲಿ ಕೇಳಿದಳು:

"ಅಮ್ಮಾ, ಭಾನುವಾರ ಏಳುಮಲೈ ಅಂಕಲ್ ಫೋನ್ ಮಾಡಿದಾಗ್ಲೇ ನಿಂಗೆ ಗೊತ್ತಿತ್ತಲ್ವಾ?"