ಐದನೇ ದೃಶ್ಯಕ್ಕೆ ಇಪ್ಪತ್ತೈದು ಸೆಕೆಂಡು

ಬೆಳ್ಳಗಿರುವುದೆಲ್ಲ ಹಾಲಲ್ಲ ಅಂತ ಲೋಕಕ್ಕೆಲ್ಲ ಗಾದೆ. ನನಗೆ ಅದೇ ಉದ್ಯೋಗ. ನಮ್ಮ ಡೈರಿಗೆ ಬರುವ ಪ್ರತಿ ಕ್ಯಾನೂ ಮೊದಲು ನನ್ನ ಮೇಜಿಗೆ ಬರಬೇಕು. ಮೂಸಿ ನೋಡುತ್ತೇನೆ, ಲ್ಯಾಕ್ಟೋಮೀಟರ್ ತೇಲಿಸಿ ನೀರು ಬೆರೆತಿದೆಯೇ ನೋಡುತ್ತೇನೆ, ಜಿಡ್ಡಿನ ಅಂಶ ಅಳೆಯುತ್ತೇನೆ, ಹಾಲು ತಂದವರ ಮುಖವನ್ನೂ ಅಳೆಯುತ್ತೇನೆ. ಹನ್ನೆರಡು ವರ್ಷ ಇದನ್ನೇ ಮಾಡಿದ ಹೆಂಗಸು ಯಾರನ್ನು ತಾನೇ ಸುಮ್ಮನೆ ನಂಬುತ್ತಾಳೆ?

ಹಾಗಾಗಿ ನನ್ನ ತಮ್ಮ, "ಅಕ್ಕಾ, ನಮ್ಮ ಡೈರಿ ಹೇಗೆ ಶುರುವಾಯ್ತು ಅಂತ ಮೂರು ನಿಮಿಷದ ವಿಡಿಯೊ ಮಾಡಿಸ್ತಾ ಇದ್ದೀನಿ" ಅಂದಾಗ ನನ್ನ ಕಿವಿ ನೆಟ್ಟಗಾಯಿತು. ಡೈರಿ ಶುರು ಮಾಡಿದ್ದು ಇಬ್ಬರು. ಆರು ಹಸು ನಮ್ಮಿಬ್ಬರದು. ಅವನು ಮನೆಮನೆಗೆ ಹಾಲು, ಮೊಸರು ಹಾಕಿ ಬರುತ್ತಿದ್ದ, ನಾನು ಕೊಟ್ಟಿಗೆ ಮತ್ತು ಮೊಸರಿನ ಕೋಣೆ ನೋಡಿಕೊಳ್ಳುತ್ತಿದ್ದೆ. ಈಗ ಪ್ಯಾಕೆಟ್ಟಿನ ಮೇಲೆ ಅವನ ಚಿತ್ರ ಮಾತ್ರ ಇದೆ. ಇರಲಿ, ಪ್ಯಾಕೆಟ್ಟು ಚಿಕ್ಕದು ಅಂದುಕೊಂಡಿದ್ದೆ. ಮೂರು ನಿಮಿಷದಲ್ಲಿ ಜಾಗ ಇಲ್ಲ ಅಂತ ಹೇಳುವಂತಿಲ್ಲ.

ಸ್ಕ್ರಿಪ್ಟ್ ಬರೆಯುವ ಹುಡುಗಿ ದಪ್ಪ ಕನ್ನಡಕ ಹಾಕಿಕೊಂಡು ಬಂದಳು. ನಾನು ಅವಳನ್ನು ಕನ್ನಡಕದವಳು ಅಂತಲೇ ಕರೆದೆ, ಅವಳೇನೂ ಬೇಸರ ಮಾಡಿಕೊಳ್ಳಲಿಲ್ಲ. ಎರಡು ದಿನ ಕೊಟ್ಟಿಗೆ, ಹಾಲು ಕಾಯಿಸುವ ಕೋಣೆ, ಶೀತಲ ಕೋಣೆ ಎಲ್ಲ ಸುತ್ತಿದಳು. ಮೂರನೇ ದಿನ ಅಚ್ಚು ಹಾಕಿದ ಹಾಳೆ ತಂದಳು. ಹಾಳೆಯ ನಡುವೆ ಒಂದು ಗೆರೆ. ಎಡಗಡೆ ಕಾಣುವುದು, ಬಲಗಡೆ ಕೇಳಿಸುವುದು. ಎಂಟು ದೃಶ್ಯ, ಪ್ರತಿಯೊಂದಕ್ಕೂ ಇಷ್ಟು ಸೆಕೆಂಡು ಅಂತ ಲೆಕ್ಕ. ಮಾತು ಎಲ್ಲ ಸೇರಿ ಇನ್ನೂರೈವತ್ತು ಪದ ದಾಟಬಾರದಂತೆ. ದಾಟಿದರೆ ಓದುವವನು ಏದುಸಿರು ಬಿಡುತ್ತಾನೆ, ನೋಡುವವನಿಗೆ ಚಿತ್ರ ನೋಡಲು ಬಿಡುವು ಸಿಗುವುದಿಲ್ಲ ಅಂದಳು.

ಮೊದಲನೇ ದೃಶ್ಯ: ಬೆಳಗಿನ ಜಾವ, ತಮ್ಮ ಬೈಕಿಗೆ ಕ್ಯಾನು ಕಟ್ಟುತ್ತಾನೆ. ಎರಡು: ತಮ್ಮ ಹಸುವಿನ ಬೆನ್ನು ಸವರುತ್ತಾನೆ. ಆ ಹಸು ಅವನನ್ನು ಕಂಡರೆ ಒದೆಯುತ್ತದೆ, ಅದು ಬೇರೆ ಮಾತು. ನಾಲ್ಕನೆಯದಕ್ಕೆ ಬಂದೆ. "ಹಾಲಿನ ಪರೀಕ್ಷೆ. ಹೆಂಗಸಿನ ಕೈಗಳು, ಹತ್ತಿರದಿಂದ. ಐದು ಸೆಕೆಂಡು."

"ಈ ಕೈಗೆ ತಲೆ ಇಲ್ವಾ?" ಅಂತ ಕೇಳಿದೆ.

ಕನ್ನಡಕದವಳು ತಮ್ಮನ ಮುಖ ನೋಡಿದಳು. ಅವನು ಗೋಡೆ ನೋಡಿದ. "ಸರ್ ಹೀಗೇ ಇರಲಿ ಅಂದ್ರು. ಹಳೇ ಕಥೆ ಜಾಸ್ತಿ ಬೇಡ ಅಂದ್ರು" ಅಂದಳು.

ಹಳೇ ಕಥೆ ಬೇಡವಂತೆ. ಹಳೇ ಕಥೆಯಲ್ಲಿ ತಾನೇ ನಾನು ಇರುವುದು. ಏರಿದ ಮೇಲೆ ಏಣಿ ಒದೆಯುವವರನ್ನು ನಾನು ಕಂಡಿಲ್ಲವೇ? ಅವತ್ತಿನಿಂದ ಅವನ ಮೇಲೆ ಒಂದು ಕಣ್ಣು ಇಟ್ಟೆ. ಫೋನಿನಲ್ಲಿ ಮಾತಾಡುತ್ತಾ ಅಂಗಳಕ್ಕೆ ಹೋದರೆ ನನ್ನ ವಿಷಯವೇ ಅನಿಸಿತು. ನಾನು ಒಳಗೆ ಬಂದಾಗ ಹಾಳೆ ಮಡಚಿದರೆ ಅದರಲ್ಲೂ ನನ್ನನ್ನೇ ಹೊಡೆದುಹಾಕಿದ್ದಾನೆ ಅಂದುಕೊಂಡೆ. ಇದು ನನ್ನನ್ನು ಡೈರಿಯಿಂದಲೇ ಅಳಿಸುವ ಹುನ್ನಾರ ಅಂತ ತೀರ್ಮಾನ ಮಾಡಿದೆ.

ಅವನು ಇಲ್ಲದ ಹೊತ್ತು ನೋಡಿ ಕನ್ನಡಕದವಳನ್ನು ಮೇಜಿನ ಮುಂದೆ ಕೂರಿಸಿಕೊಂಡೆ. ಮೊಸರು ಹೆಪ್ಪಾಗದ ದಿನದ ಕಥೆ ಹೇಳಿದೆ.

ಶುರುವಾಗಿ ಒಂದು ವರ್ಷ ಆಗಿತ್ತು ಆಗ. ನಮ್ಮ ಆರು ಹಸುಗಳ ಹಾಲು ಸಾಲದೆ ಹೊರಗಿನ ಇಬ್ಬರಿಂದ ತರಿಸುತ್ತಿದ್ದೆವು. ಒಂದು ಬೆಳಿಗ್ಗೆ ನೋಡಿದರೆ ಎಪ್ಪತ್ತು ಲೀಟರ್ ಮೊಸರು ಹಾಲಾಗಿಯೇ ನಿಂತಿದೆ. ಹೆಪ್ಪು ಚೆನ್ನಾಗಿತ್ತು, ಬಿಸಿ ಸರಿಯಾಗಿತ್ತು. ಹಾಲಿನ ವಾಸನೆ, ರುಚಿ ಎಲ್ಲ ಸರಿ. ಹಾಗಾದರೆ ಒಂದೇ ಕಾರಣ. ಯಾವುದೋ ಹಸುವಿಗೆ ಕೊಟ್ಟ ಔಷಧಿ ಹಾಲಿಗೆ ಇಳಿದಿದೆ. ಅದು ಕಾಯಿಸಿದರೂ ಹೋಗುವುದಿಲ್ಲ, ಹೆಪ್ಪನ್ನು ಸಾಯಿಸುತ್ತದೆ. ಈಗ ಅದಕ್ಕೆ ಹಾಲಲ್ಲಿ ಅದ್ದಿ ನೋಡುವ ಪರೀಕ್ಷೆಯ ಪಟ್ಟಿ ಸಿಗುತ್ತದೆ, ಆಗ ನಮ್ಮ ಹತ್ತಿರ ಇರಲಿಲ್ಲ.

"ಆಮೇಲೆ?" ಅಂದಳು. ಪೆನ್ನು ಓಡುತ್ತಿತ್ತು.

"ಆಮೇಲೇನು, ನಾನೇ ಕಳ್ಳನ್ನ ಹಿಡಿದೆ. ಸೈಕಲ್ಲಲ್ಲಿ ಹಾಲು ತರೋ ಒಬ್ಬ ಅಜ್ಜ ಇದ್ರು. ಇಬ್ಬರನ್ನೂ ಕೇಳಿದೆ. ಇನ್ನೊಬ್ಬ ನನಗೇನೂ ಗೊತ್ತಿಲ್ಲ ಅಂದ. ಈ ಅಜ್ಜ ಮಾತ್ರ, 'ನನ್ನ ಹಸುವಿಗೆ ಔಷಧಿ ಹಾಕ್ಸಿದ್ದೆ ತಾಯಿ, ಆದ್ರೆ ಹಾಲು ಚೆಲ್ಲೋ ದಿನ ಮುಗಿಸೇ ತಂದಿದ್ದೀನಿ' ಅಂದ್ರು. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಹಾಗೆ. ನಾಳೆಯಿಂದ ಬರಬೇಡಿ ಅಂದೆ. ಎಪ್ಪತ್ತು ಲೀಟರ್ ಚೆಲ್ಲಿದ್ವಿ. ಅವತ್ತಿಂದ ಇವತ್ತಿನವರೆಗೆ ನಮ್ಮ ಮೊಸರಿನ ಬಗ್ಗೆ ಒಂದು ದೂರು ಬಂದಿಲ್ಲ."

ಕನ್ನಡಕದವಳ ಕಣ್ಣು ಅರಳಿತು. ಇಂಥ ಕಥೆಯಲ್ಲಿ ಒಂದು ಸಲ ಬಿದ್ದು ಎದ್ದಿರಬೇಕು, ಇಲ್ಲದಿದ್ದರೆ ಯಾರೂ ಕೊನೆತನಕ ನೋಡುವುದಿಲ್ಲ, ಇಷ್ಟು ದಿನ ಅದೇ ಸಿಕ್ಕಿರಲಿಲ್ಲ ಅಂದಳು. ಎರಡೇ ದಿನದಲ್ಲಿ ಹೊಸ ಹಾಳೆ ಬಂತು. ಐದನೇ ದೃಶ್ಯ, ಇಪ್ಪತ್ತೈದು ಸೆಕೆಂಡು, ಪೂರ್ತಿ ನಾನು. ಎಡಗಡೆ: ಖಾಲಿ ಮಡಕೆಗಳು, ಅಕ್ಕನ ಮುಖ, ಹಳೆಯ ಪುಸ್ತಕದಲ್ಲಿ ಆ ದಿನದ ಪುಟ. ಬಲಗಡೆ ನನ್ನದೇ ಧ್ವನಿ: "ಒಬ್ಬರ ಹಾಲಿನಲ್ಲಿ ಔಷಧಿ ಇತ್ತು. ಅವತ್ತೇ ಅವರನ್ನು ನಿಲ್ಲಿಸಿದೆವು. ಎಪ್ಪತ್ತು ಲೀಟರ್ ಚೆಲ್ಲಿದೆವು. ನಂಬಿಕೆಯನ್ನು ಮಾತ್ರ ಚೆಲ್ಲಲಿಲ್ಲ." ಗಡಿಯಾರ ಹಿಡಿದು ನನ್ನಿಂದ ಓದಿಸಿದಳು. ಮೊದಲ ಸಲ ಹದಿನಾಲ್ಕು ಸೆಕೆಂಡಿಗೆ ಮುಗಿಸಿಬಿಟ್ಟೆ. "ನಿಧಾನ ಅಕ್ಕಾ, ಮಡಕೆ ಕಾಣಬೇಕಲ್ಲ" ಅಂದಳು. ಎಷ್ಟು ಖುಷಿಯಾಯಿತು ಅಂದರೆ ಹೇಳಲು ನಾಚಿಕೆ.

ತಮ್ಮ ಹಾಳೆ ಓದಿ ಮೆಲ್ಲಗೆ, "ಇದು ಬೇಡ ಅಕ್ಕಾ" ಅಂದ.

"ಯಾಕೆ ಬೇಡ?"

"ಸುಮ್ನೆ. ನಿನಗೆ ಬೇರೆ ದೃಶ್ಯ ಬರೆಸ್ತೀನಿ. ಎಂಟನೇದು ಪೂರ್ತಿ ನೀನೇ ತಗೋ."

"ನನ್ನ ಹೆಸರು ಬರೋ ಕಡೆನೇ ನಿನಗೆ ಹೊಟ್ಟೆನೋವು ಶುರುವಾಗುತ್ತೆ" ಅಂದೆ. ಅವನು ಎದ್ದು ಹೋದ. ಸಿಕ್ಕಿಬಿದ್ದವನು ಎದ್ದೇ ಹೋಗುತ್ತಾನೆ ಅಂದುಕೊಂಡೆ.

ಚಿತ್ರೀಕರಣಕ್ಕೆ ಎರಡು ದಿನ ಇರುವಾಗ ಕನ್ನಡಕದವಳು ಆ ಹಳೆಯ ಪುಸ್ತಕ ಕೇಳಿದಳು. ಕ್ಯಾಮೆರಾದವನಿಗೆ ಪುಟ ಮೊದಲೇ ತೋರಿಸಬೇಕಂತೆ. ಕಪಾಟಿನ ಮೇಲಿನಿಂದ ಇಳಿಸಿ, ಧೂಳು ಒರೆಸಿ, ಮೇಜಿನ ಮೇಲೆ ಬಿಚ್ಚಿದೆ. ಆಗೆಲ್ಲ ಒಂದೇ ಉದ್ದ ಪುಸ್ತಕ. ಮುಂದಿನಿಂದ ದಿನದ ಹಾಲು ಬರೆಯುತ್ತಿದ್ದೆ, ಹಿಂದಿನಿಂದ ನಮ್ಮ ಹಸುಗಳ ಔಷಧಿ. ಮೊಸರು ಕೆಟ್ಟಿದ್ದು ಒಂಬತ್ತನೇ ತಾರೀಕು. ಮುಂದಿನ ಕಡೆಯ ಪುಟದಲ್ಲಿ ಅದು ಸಿಕ್ಕಿತು. ಚಿತ್ರಕ್ಕೆ ಹಿಂದಿನ ಕಡೆಯ ಔಷಧಿಯ ಪುಟವೂ ಚೆಂದ ಕಾಣಬಹುದು ಅಂತ ಪುಸ್ತಕ ತಿರುಗಿಸಿದೆ.

ನನ್ನದೇ ಅಕ್ಷರ. ಕಪ್ಪು ಹಸು, ಕೆಚ್ಚಲು ಬಾವು. ನಾಲ್ಕು, ಐದು, ಆರನೇ ತಾರೀಕು ಸಂಜೆ ಕೆಚ್ಚಲಿಗೆ ಔಷಧಿಯ ಟ್ಯೂಬು. ಏಳನೇ ತಾರೀಕು ಸಂಜೆ: ಮೂರು ದಿನ ಆಯಿತು, ಕೆಂಪು ಪಟ್ಟಿ ಬಿಚ್ಚಿದೆ.

ಔಷಧಿ ನಡೆಯುತ್ತಿರುವ ಹಸುವಿನ ಕಾಲಿಗೆ ನಾವು ಕೆಂಪು ಪಟ್ಟಿ ಕಟ್ಟುತ್ತೇವೆ. ಪಟ್ಟಿ ಇರುವವರೆಗೆ ಆ ಹಾಲು ಚೆಲ್ಲಬೇಕು. ಮೂರು ದಿನ ಅಂದರೆ ಕೊನೆಯ ಟ್ಯೂಬು ಹಾಕಿದ ಮೇಲೆ ಮೂರು ದಿನ. ನಾನು ಮೊದಲನೆಯದರಿಂದ ಎಣಿಸಿದ್ದೆ. ಒಂಬತ್ತರ ಸಂಜೆ ಬಿಚ್ಚಬೇಕಾದ ಪಟ್ಟಿಯನ್ನು ಏಳಕ್ಕೇ ಬಿಚ್ಚಿದ್ದೆ. ಎಂಟನೇ ತಾರೀಕಿನ ಹಾಲು ಪೂರ್ತಿ ಮೊಸರಿಗೆ ಹೋಗಿತ್ತು.

ಬೆರಳಲ್ಲಿ ಎಣಿಸಿದೆ. ಕ್ಯಾಲೆಂಡರ್ ತೆಗೆದು ಎಣಿಸಿದೆ. ಯಾರೋ ತಿದ್ದಿರಬಹುದು ಅಂತ ಹಾಳೆಯನ್ನು ಬೆಳಕಿಗೆ ಹಿಡಿದೂ ನೋಡಿದೆ.

ತಮ್ಮ ಬಾಗಿಲಲ್ಲಿ ನಿಂತಿದ್ದ. ಯಾವ ಪುಟ ಅಂತ ಅವನು ಕೇಳಲಿಲ್ಲ. ಅದೇ ನನ್ನನ್ನು ಕೊಂದಿತು.

"ನಿನಗೆ ಯಾವಾಗಿಂದ ಗೊತ್ತು?" ಅಂದೆ.

"ಲೈಸೆನ್ಸಿನವರು ಪುಸ್ತಕ ಕೇಳಿದ್ರಲ್ಲ, ಆಗ ನೋಡಿದೆ. ಎಂಟು ವರ್ಷ ಆಯ್ತು."

"ಹೇಳೋಕೇನಾಗಿತ್ತು ನಿನಗೆ?"

"ಹೇಳಿದ್ರೆ ನೀನು ಮತ್ತೆ ಆ ಮೇಜಿಗೆ ಕೂರ್ತಿದ್ಯಾ?" ಅಂದ. "ಆ ದಿನದ ಮಾತೇ ಬರಬಾರದು ಅಂತ ನಿನ್ನ ಕೈ ಮಾತ್ರ ಸಾಕು ಅಂದೆ. ನಿನ್ನ ಮುಖ ಬಂದ್ರೆ ನೀನು ಅದನ್ನೇ ಹೇಳ್ತೀಯ ಅಂತ ಗೊತ್ತಿತ್ತು."

ಅವನ ಮೇಲೆ ನಾನು ಹೊರಿಸಿದ್ದನ್ನೆಲ್ಲ ನೆನೆದು ನಾಚಿಕೆಯಾಯಿತು. ಅವನು ಇನ್ನೂ ಹೇಳಿದ, ಹಳೇದನ್ನ ಕೆದಕೋದು ಬೇಡ, ಐದನೇ ದೃಶ್ಯ ತೆಗೆದುಬಿಡೋಣ, ಯಾರಿಗೂ ಗೊತ್ತಾಗಲ್ಲ ಅಂತ. ಅವನದು ಪ್ರೀತಿಯೇ. ಆದರೆ ಆ ಪ್ರೀತಿಗೆ ಎಂಟು ವರ್ಷ ಬೆಲೆ ತೆತ್ತವರು ಬೇರೆಯವರು. ಅದನ್ನು ಅವನಿಗೆ ಹೇಳಿಯೂ ಹೇಳಿದೆ.

ಮರುದಿನ ಮಧ್ಯಾಹ್ನ ಕನ್ನಡಕದವಳನ್ನು ಕರೆದುಕೊಂಡು ಸೈಕಲ್ ಅಜ್ಜನ ಮನೆಗೆ ಹೋದೆ. ದಾರಿಯಲ್ಲೇ ಅವಳಿಗೆ ಎಲ್ಲ ಹೇಳಿದ್ದೆ. ಅವಳು ಬಲಗಡೆಯ ಮಾತನ್ನು ಹೊಡೆದುಹಾಕಿ ಹೊಸದಾಗಿ ಬರೆದುಕೊಂಡಿದ್ದಳು. ಅಜ್ಜ ಮನೆಯ ಮುಂದೆ ಹಗ್ಗ ಹೊಸೆಯುತ್ತಾ ಕೂತಿದ್ದರು. ನನ್ನನ್ನು ಕಂಡು ಎದ್ದು ನಿಂತರು. ಹೊರಗೆ ಹಾಕಿದವಳಿಗೆ ಎದ್ದು ನಿಂತರು. ಕೊಟ್ಟಿಗೆ ಖಾಲಿ ಇತ್ತು.

ಕೂರದೆಯೇ ಓದಿದೆ. "ಮೊಸರು ಹೆಪ್ಪಾಗದಿದ್ದುದು ನಮ್ಮ ಹಸುವಿನ ಹಾಲಿನಿಂದ. ಕೆಂಪು ಪಟ್ಟಿಯನ್ನು ಎರಡು ದಿನ ಮೊದಲೇ ಬಿಚ್ಚಿದವಳು ನಾನು. ತಪ್ಪನ್ನು ನಿಜ ಹೇಳಿದವರ ಮೇಲೆ ಹಾಕಿದೆ." ಓದಿ, "ತಪ್ಪಾಯ್ತು ಅಜ್ಜಾ. ಇದನ್ನ ಎಲ್ಲರ ಮುಂದೆ ಹೇಳೋಕೆ ನಿಮ್ಮ ಒಪ್ಪಿಗೆ ಬೇಕು" ಅಂದೆ.

ಅಜ್ಜ ಹಗ್ಗವನ್ನು ಪಕ್ಕಕ್ಕೆ ಇಟ್ಟರು.

"ಹಾಗಾದ್ರೆ ನನ್ನ ಹಸು ಸರಿಯಾಗೇ ಇತ್ತಾ?" ಅಂದರು.

"ಇತ್ತು ಅಜ್ಜಾ."

"ನಾನು ದಿನ ಸರಿಯಾಗೇ ಎಣಿಸಿದ್ದೆ ತಾಯಿ. ಆದ್ರೂ ನೀವು ಹೇಳಿದ್ರಿ ಅಂದ್ಮೇಲೆ ಅದರಲ್ಲಿ ಏನೋ ಉಳ್ಕೊಂಡಿದೆ ಅಂತ ನಂಬಿಬಿಟ್ಟೆ. ಹಾಲಿನ ವಿಷಯ ನಿಮಗಿಂತ ಯಾರಿಗೆ ಗೊತ್ತು? ಮೊಮ್ಮಗಳಿಗೆ ಕೊಡೋದು ನಿಲ್ಲಿಸಿದೆ. ಎರಡು ತಿಂಗಳು ಕರೆದು ಕರೆದು ಚೆಲ್ಲಿದೆ. ಆಮೇಲೆ ಮಾರಿಬಿಟ್ಟೆ."

ನನಗೆ ಅಳು ತಡೆಯಲಾಗಲಿಲ್ಲ. ಯಾರನ್ನೂ ನಂಬದ ನನ್ನನ್ನು ಈ ಮನುಷ್ಯ ಇಷ್ಟು ನಂಬಿದ್ದರು.

"ಇದನ್ನ ಬರೀಲಾ ಅಜ್ಜಾ?" ಅಂತ ಕನ್ನಡಕದವಳು ಮೆಲ್ಲಗೆ ಕೇಳಿದಳು.

"ಬರಿ. ನನಗೆ ಓದೋಕೆ ಬರಲ್ಲ, ಬಾಯಲ್ಲೇ ಹೇಳ್ತೀನಿ" ಅಂದರು. "ಅದು ಒಳ್ಳೇ ಹಸು ಅಂತ ಮೊದಲು ಹಾಕು."

ಅವಳು ನನ್ನ ಮುಖ ನೋಡಿದಳು. ಇರುವುದು ಇಪ್ಪತ್ತೈದೇ ಸೆಕೆಂಡು. ನನ್ನ ಮಾತು ಬೇಕಾದರೆ ಅಜ್ಜನ ಮಾತು ಹಿಡಿಸುವುದಿಲ್ಲ. ಪೆನ್ನು ಇಸಿದುಕೊಂಡು, ತಪ್ಪು ನನ್ನದು ಅನ್ನುವ ಒಂದು ಸಾಲು ಉಳಿಸಿ ನನ್ನದೆಲ್ಲ ಹೊಡೆದುಹಾಕಿದೆ. ಮಿಕ್ಕ ಸೆಕೆಂಡುಗಳನ್ನು ಅಜ್ಜನಿಗೆ ಬಿಟ್ಟೆ.